ಮಗುವಿನ ಅಸ್ತಮಾ: ಶಾಲೆಯ ಮಿಸ್‌ಗೆ ಏನು ಬರೆದುಕೊಡಬೇಕು?

ಪ್ರಶ್ನೆ: ಡಾಕ್ಟರೇ, ನಮ್ಮದು ಶಿಡ್ಲಘಟ್ಟ. ಮಗನಿಗೆ ಎಂಟು ವರ್ಷ, ಮೂರನೇ ಕ್ಲಾಸು. ಅಸ್ತಮಾ ಇದೆ. ಬೆಳಿಗ್ಗೆ ಸಂಜೆ ಹಾಕೋ ಇನ್ಹೇಲರ್ ಮನೆಯಲ್ಲೇ ಕೊಡ್ತೀವಿ. ದಮ್ಮು ಬಂದಾಗ ಹೊಡೆಯೋ ಸಾಲ್ಬುಟಮಾಲ್ ಪಂಪು, ಅದಕ್ಕೆ ಸಿಕ್ಕಿಸೋ ಪ್ಲಾಸ್ಟಿಕ್ ಕೊಳವೆ ಸ್ಪೇಸರ್ ಎರಡನ್ನೂ ಸ್ಕೂಲ್ ಬ್ಯಾಗಲ್ಲಿ ಇಟ್ಟು ಕಳಿಸ್ತೀವಿ. ಹೋದ ತಿಂಗಳು ಶಾಲೆಯಲ್ಲೇ ಉಬ್ಬಸ ಬಂತು. ಮಿಸ್ ಹೆದರಿಕೊಂಡು ನನಗೆ ಫೋನ್ ಮಾಡಿದ್ರು. ನಾನು ಹೋಗಿ ಮುಟ್ಟೋವರೆಗೂ ಪಂಪು ಬ್ಯಾಗಲ್ಲೇ ಇತ್ತು. "ಏನು ಮಾಡಬೇಕು ಅಂತ ಒಂದು ಲೆಟರ್ ಬರೆದುಕೊಡಿ ಅಮ್ಮ" ಅಂದಿದ್ದಾರೆ. ಬರೆಯೋಕೆ ಕೂತರೆ ಮೂರು ಪುಟ ಆಯ್ತು. ಏನು ಬರೀಲಿ, ಏನು ಬಿಡಲಿ?

ಉತ್ತರ: ಮೂರು ಪುಟ ಬೇಡಮ್ಮ, ಒಂದೇ ಹಾಳೆ ಸಾಕು. ಅದರ ಮುಂಬದಿಯಲ್ಲಿ ಶಾಲೆಗೆ ನೀವು ಕೊಡುವ ಒಪ್ಪಿಗೆ ಇರಲಿ, ಹಿಂಬದಿಯಲ್ಲಿ ಉಬ್ಬಸ ಬಂದಾಗ ಮಾಡಬೇಕಾದ ಕೆಲಸ ಇರಲಿ. ಮುಂಬದಿ ಹೆಡ್‌ಮಾಸ್ಟರ ಫೈಲಿಗೆ ಹೋಗುತ್ತದೆ. ಹಿಂಬದಿಯನ್ನು ಜೆರಾಕ್ಸ್ ಮಾಡಿಸಿ, ಒಂದನ್ನು ಪಂಪಿನ ಚೀಲದಲ್ಲೇ ಇಡಿ, ಇನ್ನೊಂದನ್ನು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಲು ಕೊಡಿ. ನಿಮ್ಮ ಮಗನಿಗೆ ದಮ್ಮು ಬರುವ ದಿನ ಕ್ಲಾಸ್ ಮಿಸ್ ರಜೆಯಲ್ಲಿರಬಹುದು. ಆಗ ಆ ಹಾಳೆಯನ್ನು ಮೊದಲ ಸಲ ನೋಡುವವರು ಪಿ.ಟಿ. ಮೇಷ್ಟ್ರೋ, ಬಿಸಿಯೂಟದ ಅಕ್ಕನೋ ಆಗಿರುತ್ತಾರೆ. ಎದುರಿಗೆ ಮಗು ಏದುಸಿರು ಬಿಡುತ್ತಿರುವಾಗ ಅವರು ನಿಂತಲ್ಲೇ ಓದಿ ಕೆಲಸ ಮಾಡುವಂತಿರಬೇಕು. ಬರೆದ ಪ್ರತಿ ಸಾಲನ್ನೂ ಈ ಅಳತೆಗೆ ಹಿಡಿದು ನೋಡಿ, ನಿಮ್ಮ ಮೂರು ಪುಟ ತಾನಾಗಿ ಇಳಿಯುತ್ತದೆ. ಯಾವ ವರ್ಷ ಯಾವ ಆಸ್ಪತ್ರೆಯಲ್ಲಿ ತೋರಿಸಿದಿರಿ, ಮನೆಯಲ್ಲಿ ಇನ್ಯಾರಿಗೆ ಅಸ್ತಮಾ ಇದೆ ಎಂಬುದೆಲ್ಲ ಡಾಕ್ಟರಿಗೆ ಬೇಕು, ಮಿಸ್‌ಗೆ ಬೇಕಿಲ್ಲ.

ಹೋದ ತಿಂಗಳು ಆದದ್ದನ್ನೇ ನೋಡಿ. ಮಿಸ್ ಸುಮ್ಮನೆ ಕೂರಲಿಲ್ಲ, ಫೋನ್ ಮಾಡಿದರು. ಆದರೆ ಫೋನ್ ಮೊದಲಾಯಿತು, ಪಂಪು ಉಳಿಯಿತು. ನಾನು ಕಂಡಂತೆ ಶಾಲೆಗಳಲ್ಲಿ ಹೊತ್ತು ಹೋಗುವುದು ಹೆಚ್ಚಾಗಿ ಹೀಗೆಯೇ. ಪಂಪು ಎಂದರೆ ತುಂಬಾ ಸ್ಟ್ರಾಂಗ್ ಔಷಧ, ಹೆತ್ತವರನ್ನು ಕೇಳದೆ ಕೊಟ್ಟು ಹೆಚ್ಚುಕಮ್ಮಿಯಾದರೆ ತಲೆಗೆ ಬರುತ್ತದೆ ಎಂಬ ಅಂಜಿಕೆ ಅವರಿಗೆ ಇರುತ್ತದೆ. ಆ ಅಂಜಿಕೆ ತೆಗೆಯುವುದೇ ನಿಮ್ಮ ಪತ್ರದ ಮೊದಲ ಕೆಲಸ.

ಅಸ್ತಮಾ ಕೆರಳಿದಾಗ ಶ್ವಾಸನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಗೋಡೆ ಊದಿಕೊಳ್ಳುತ್ತದೆ, ಕಫ ಕಟ್ಟುತ್ತದೆ. ಸಾಲ್ಬುಟಮಾಲ್ ಆ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಅದೂ ಕೆಲವೇ ನಿಮಿಷಗಳಲ್ಲಿ. ಊತದ ಮೇಲೆ ಅದರ ಆಟ ನಡೆಯುವುದಿಲ್ಲ. ಹೊತ್ತು ಕಳೆದಷ್ಟೂ ಊತ ಮತ್ತು ಕಫದ ಪಾಲು ಹೆಚ್ಚುವುದರಿಂದ ಅದೇ ಪಂಪು ಆಮೇಲೆ ಅಷ್ಟು ಕೆಲಸ ಮಾಡುವುದಿಲ್ಲ. ಬೇಕಿಲ್ಲದಾಗ ಕೊಟ್ಟುಬಿಟ್ಟರೆ? ಕೈ ಸ್ವಲ್ಪ ನಡುಗುತ್ತದೆ, ಎದೆ ಡವಡವ ಅನ್ನುತ್ತದೆ, ಕೆಲ ಹೊತ್ತಿಗೆ ಇಳಿಯುತ್ತದೆ. ಕೊಟ್ಟು ತಪ್ಪಾಗುವುದಕ್ಕಿಂತ ಕೊಡದೆ ತಪ್ಪಾಗುವುದು ಎಷ್ಟೋ ಹೆಚ್ಚು ಅಪಾಯದ್ದು. ಇದನ್ನು ಪತ್ರದಲ್ಲಿ ನೀವೇ ನಿಮ್ಮ ಸಹಿಯ ಮೇಲೆ ಹೇಳಬೇಕು.

ಎರಡನೆಯ ಮಾತು ಪದಗಳದ್ದು. "ಅಗತ್ಯವಿದ್ದರೆ ಪಂಪ್ ಕೊಡಿ", "ಜಾಸ್ತಿಯಾದರೆ ಆಸ್ಪತ್ರೆಗೆ ಕರೆದೊಯ್ಯಿರಿ" ಎಂದು ಎಲ್ಲರೂ ಬರೆಯುತ್ತಾರೆ. ಅಗತ್ಯ ಯಾವಾಗ, ಜಾಸ್ತಿ ಎಂದರೆ ಎಷ್ಟು ಎಂದು ತೀರ್ಮಾನಿಸುವ ಹೊರೆ ಆಗ ಮಿಸ್ ಮೇಲೆ ಬೀಳುತ್ತದೆ. ಅದರ ಬದಲು ಕಣ್ಣಿಗೆ ಕಾಣುವುದನ್ನು, ಕಿವಿಗೆ ಕೇಳುವುದನ್ನು ಬರೆಯಿರಿ. ನಿಮ್ಮ ಮಗನಿಗೆ ಶುರುವಾಗುವುದು ಹೇಗೆ ಎಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಕೆಲವು ಮಕ್ಕಳು ಆಟ ಬಿಟ್ಟು ಬಂದು ಸುಮ್ಮನೆ ಕಟ್ಟೆ ಮೇಲೆ ಕೂರುತ್ತವೆ. ಕೆಲವಕ್ಕೆ ಬಿಡದ ಒಣಕೆಮ್ಮು, ಕೆಲವಕ್ಕೆ "ಎದೆ ಬಿಗಿ" ಎನ್ನಲು ಬಾರದೆ "ಹೊಟ್ಟೆ ನೋವು" ಎನ್ನುವ ಅಭ್ಯಾಸ. ಆ ಒಂದು ಗುರುತನ್ನು ಮರೆಯದೆ ಬರೆಯಿರಿ.

ನಿಮ್ಮ ಮಗನ ವಯಸ್ಸು, ನೀವು ಹೇಳಿದ ಔಷಧ ಇಟ್ಟುಕೊಂಡು ಒಂದು ಪತ್ರ ಬರೆದಿದ್ದೇನೆ. ಖಾಲಿ ಬಿಟ್ಟ ಕಡೆ ತುಂಬಿಸಿ. ಶುರುವಿನ ಲಕ್ಷಣಗಳನ್ನು ನಿಮ್ಮ ಹುಡುಗನಿಗೆ ತಕ್ಕಂತೆ ತಿದ್ದಿ.

(ಮುಂಬದಿ)

ಇವರಿಗೆ,
ಮುಖ್ಯ ಶಿಕ್ಷಕರು ಹಾಗೂ 3ನೇ ತರಗತಿಯ ಶಿಕ್ಷಕಿಯವರು

ವಿಷಯ: ಶಾಲೆಯಲ್ಲಿ ನನ್ನ ಮಗನಿಗೆ ಅಸ್ತಮಾ ಇನ್ಹೇಲರ್ ಕೊಡಲು ಒಪ್ಪಿಗೆ

ಮಾನ್ಯರೇ,

ನನ್ನ ಮಗ ______ (3ನೇ ತರಗತಿ) ಇವನಿಗೆ ಅಸ್ತಮಾ ಇದೆ. ಉಬ್ಬಸ ಬಂದಾಗ ಈ ಹಾಳೆಯ ಹಿಂಬದಿಯಲ್ಲಿ ಬರೆದಂತೆ ಸಾಲ್ಬುಟಮಾಲ್ ಇನ್ಹೇಲರ್ ಕೊಡಲು ಶಾಲೆಯ ಯಾವುದೇ ಸಿಬ್ಬಂದಿಗೆ ನನ್ನ ಒಪ್ಪಿಗೆ ಇದೆ. ದಯವಿಟ್ಟು ಮೊದಲು ಇನ್ಹೇಲರ್ ಕೊಡಿ, ನಂತರ ನನಗೆ ಫೋನ್ ಮಾಡಿ. ನಾನು ಫೋನ್ ಎತ್ತದಿದ್ದರೂ ಕಾಯಬೇಡಿ. ಅಸ್ತಮಾ ಹೌದೋ ಅಲ್ಲವೋ ಎಂಬ ಅನುಮಾನವಿದ್ದರೂ ಕೊಡಿ. ಒಂದೆರಡು ಪಫ್ ಹೆಚ್ಚಾದರೆ ಕೈ ನಡುಕ, ಎದೆಬಡಿತ ಸ್ವಲ್ಪ ಹೊತ್ತು ಇರಬಹುದು, ಅದಕ್ಕೆ ಭಯಪಡಬೇಕಾಗಿಲ್ಲ ಎಂದು ವೈದ್ಯರು ತಿಳಿಸಿದ್ದಾರೆ.

ಇನ್ಹೇಲರ್ ಮತ್ತು ಸ್ಪೇಸರ್ ಅವನ ಹೆಸರು ಬರೆದ ಚೀಲದಲ್ಲಿವೆ. ಈ ಚೀಲ ತರಗತಿಯಲ್ಲೇ, ಬೀಗವಿಲ್ಲದ ಜಾಗದಲ್ಲಿ ಇರಲಿ. ಆಟದ ಮೈದಾನಕ್ಕೆ, ಪ್ರವಾಸಕ್ಕೆ ಅವನ ಜೊತೆಯಲ್ಲೇ ಬರಲಿ. ದಿನವೂ ಹಾಕುವ ಇನ್ನೊಂದು ಔಷಧವನ್ನು ಮನೆಯಲ್ಲೇ ಕೊಡುತ್ತೇವೆ, ಶಾಲೆಗೆ ಕಳಿಸುವುದಿಲ್ಲ. ಅವನು ಎಲ್ಲರಂತೆ ಆಡಬಹುದು. ಕಸ ಗುಡಿಸುವಾಗ ಮಾತ್ರ ಅವನನ್ನು ಹೊರಗೆ ಕಳಿಸಬೇಕೆಂದು ಕೋರುತ್ತೇನೆ.

ತಾಯಿ: ______ ತಂದೆ: ______ ಹತ್ತಿರದ ನೆಂಟರು: ______
ಪೋಷಕರ ಸಹಿ, ದಿನಾಂಕ. ವೈದ್ಯರ ಸಹಿ, ಮೊಹರು.

(ಹಿಂಬದಿ)

ಉಬ್ಬಸ ಬಂದಾಗ

ಶುರುವಿನ ಲಕ್ಷಣ: ಬಿಡದೆ ಒಣಕೆಮ್ಮು, ಆಟ ಬಿಟ್ಟು ಕೂರುವುದು, "ಎದೆ ಬಿಗಿ" ಎನ್ನುವುದು, ಉಸಿರು ಬಿಡುವಾಗ ಗುಯ್‌ಗುಯ್ ಸದ್ದು. ಇವುಗಳಲ್ಲಿ ಒಂದು ಕಂಡರೂ ಶುರು ಮಾಡಿ.

1. ನೆಟ್ಟಗೆ ಕೂರಿಸಿ. ಮಲಗಿಸಬೇಡಿ. ಒಬ್ಬನನ್ನೇ ಬಿಟ್ಟು ಹೋಗಬೇಡಿ. ಚೀಲ ತರಲು ಬೇರೆಯವರನ್ನು ಕಳಿಸಿ.
2. ಪಂಪಿನ ಮುಚ್ಚಳ ತೆಗೆದು, ಚೆನ್ನಾಗಿ ಕುಲುಕಿ, ಸ್ಪೇಸರ್ ಹಿಂದಿನ ತೂತಿಗೆ ಸಿಕ್ಕಿಸಿ. ಸ್ಪೇಸರ್ ಬಾಯಿಯನ್ನು ಹಲ್ಲಿನ ನಡುವೆ ಇಟ್ಟು ತುಟಿ ಮುಚ್ಚಲು ಹೇಳಿ.
3. ಒಂದು ಪಫ್ ಒತ್ತಿ. ಸ್ಪೇಸರ್ ಬಾಯಲ್ಲಿರುವಂತೆಯೇ 4 ಸಲ ಉಸಿರಾಡಲಿ. ಮತ್ತೆ ಕುಲುಕಿ ಇನ್ನೊಂದು ಪಫ್. ಹೀಗೆ ಒಟ್ಟು 4 ಪಫ್.
4. 4 ನಿಮಿಷ ಕಾಯಿರಿ. ಆಗ ನನಗೆ ಫೋನ್ ಮಾಡಿ.
5. ಪೂರ್ತಿ ಹಗುರವಾಗದಿದ್ದರೆ ಮತ್ತೆ 4 ಪಫ್.
6. ಆಗಲೂ ಹಗುರವಾಗದಿದ್ದರೆ 108ಕ್ಕೆ ಕರೆ ಮಾಡಿ. ಗಾಡಿ ಬರುವವರೆಗೆ ಪ್ರತಿ 4 ನಿಮಿಷಕ್ಕೆ 4 ಪಫ್ ಕೊಡುತ್ತಿರಿ.

ಇವುಗಳಲ್ಲಿ ಒಂದಿದ್ದರೂ ಮೊದಲೇ 108, ಜೊತೆಯಲ್ಲೇ ಪಫ್: ಒಂದೆರಡು ಪದಕ್ಕೇ ಉಸಿರು ಕಟ್ಟುವುದು. ಪಕ್ಕೆ ಅಥವಾ ಕೊರಳ ಕುಳಿ ಒಳಕ್ಕೆ ಎಳೆಯುವುದು. ತುಟಿ ನೀಲಿ ಅಥವಾ ಬೂದು ಬಣ್ಣ. ತೂಕಡಿಕೆ, ಗೊಂದಲ. ಉಸಿರಿಗೆ ಒದ್ದಾಡುತ್ತಿದ್ದರೂ ಗುಯ್‌ಗುಯ್ ಸದ್ದು ಇಲ್ಲದಿರುವುದು.

108ಕ್ಕೆ ಹೇಳಬೇಕಾದ್ದು: "ಎಂಟು ವರ್ಷದ ಹುಡುಗ, ಅಸ್ತಮಾ, ಪಂಪಿಗೆ ಹಗುರವಾಗುತ್ತಿಲ್ಲ." ಶಾಲೆಯ ಹೆಸರು, ರಸ್ತೆ, ಗುರುತು: ______

ಪತ್ರ ಇಷ್ಟೇ. ಇನ್ನು ಇದರಲ್ಲಿ ಕೆಲವು ಸಾಲು ಯಾಕೆ ಹಾಗಿವೆ ಎಂದು ಹೇಳಬೇಕು, ಮಿಸ್ ಕೇಳಿದರೆ ನೀವು ಉತ್ತರ ಕೊಡುವಂತಿರಬೇಕು.

ನಾಲ್ಕು ಪಫ್, ನಾಲ್ಕು ಉಸಿರು, ನಾಲ್ಕು ನಿಮಿಷ ಎಂಬ ಲೆಕ್ಕ ಆಸ್ಟ್ರೇಲಿಯಾದಲ್ಲಿ ಪ್ರಥಮ ಚಿಕಿತ್ಸೆಗೆ ಕಲಿಸುವ ಕ್ರಮ. ನೆನಪಿಡಲು ಸುಲಭ ಎಂದು ನಾನು ಇದನ್ನೇ ಬರೆಸುತ್ತೇನೆ. ಬ್ರಿಟನ್‌ನಲ್ಲಿ ಅರ್ಧದಿಂದ ಒಂದು ನಿಮಿಷಕ್ಕೊಂದರಂತೆ ಹತ್ತು ಪಫ್‌ವರೆಗೆ ಕೊಡಿ ಎನ್ನುತ್ತಾರೆ. ಎರಡೂ ಸರಿಯೇ, ಆದರೆ ಒಂದು ಹಾಳೆಯಲ್ಲಿ ಒಂದೇ ಲೆಕ್ಕ ಇರಬೇಕು. ಇದು ಪಫ್‌ಗೆ 100 ಮೈಕ್ರೋಗ್ರಾಂ ಇರುವ ಸಾಮಾನ್ಯ ಸಾಲ್ಬುಟಮಾಲ್ ಪಂಪಿಗೆ ಹಾಕಿದ ಲೆಕ್ಕ. ಕೆಲವು ಮಕ್ಕಳಿಗೆ ಈಗ ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಎರಡೂ ಸೇರಿದ ಒಂದೇ ಇನ್ಹೇಲರನ್ನು ದಿನಕ್ಕೂ ದಮ್ಮಿಗೂ ಬರೆಯುತ್ತಾರೆ. ಅಂಥವರಿಗೆ ಈ ಲೆಕ್ಕ ಹೊಂದುವುದಿಲ್ಲ. ಆದ್ದರಿಂದ ಹಿಂಬದಿಯನ್ನು ನಿಮ್ಮ ಡಾಕ್ಟರಿಗೆ ತೋರಿಸಿ, ಅವರು ತಿದ್ದಿದರೆ ತಿದ್ದಿದಂತೆ ಬರೆದು, ಸಹಿ ಹಾಕಿಸಿಕೊಳ್ಳಿ. ಇನ್ನೊಂದು: "ನೀಲಿ ಪಂಪು" ಎಂದಷ್ಟೇ ಬರೆಯಬೇಡಿ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಬಣ್ಣ ಕಂಪನಿಗೊಂದರಂತೆ ಬದಲಾಗುತ್ತದೆ. ಔಷಧದ ಹೆಸರನ್ನು ಕನ್ನಡದಲ್ಲಿ ಬರೆದು ಪಂಪಿನ ಮೇಲೇ ಅಂಟಿಸಿ.

ಒಂದೊಂದೇ ಪಫ್ ಒತ್ತಬೇಕು ಎಂದು ಬರೆದಿದ್ದಕ್ಕೆ ಕಾರಣವಿದೆ. ಗಾಬರಿಯಲ್ಲಿ ನಾಲ್ಕನ್ನೂ ಟುಸ್ ಟುಸ್ ಎಂದು ಒಟ್ಟಿಗೆ ಒತ್ತಿಬಿಡುತ್ತಾರೆ. ಆಗ ಔಷಧದ ಹನಿಗಳು ಒಂದಕ್ಕೊಂದು ಕೂಡಿಕೊಂಡು ಸ್ಪೇಸರ್ ಗೋಡೆಗೆ ಹತ್ತುತ್ತವೆ, ಮಗುವಿನ ಎದೆಗೆ ಹೋಗುವುದು ಕಡಿಮೆ. ಇನ್ನು ಕೆಲವರು ಸ್ಪೇಸರ್ ಬಿಟ್ಟು ನೇರ ಬಾಯಿಗೇ ಹೊಡೆಯುತ್ತಾರೆ. ಎಂಟು ವರ್ಷದ ಮಗು, ಅದೂ ಏದುಸಿರಲ್ಲಿ, ಒತ್ತುವ ಕ್ಷಣಕ್ಕೆ ಸರಿಯಾಗಿ ಉಸಿರು ಎಳೆದುಕೊಳ್ಳಲಾರದು. ಔಷಧ ಬಹುಪಾಲು ನಾಲಿಗೆ, ಗಂಟಲಿನಲ್ಲೇ ಉಳಿಯುತ್ತದೆ. "ನೆಬುಲೈಸರ್ ಇಲ್ಲದೆ ಪಂಪಿನಿಂದ ಏನಾಗುತ್ತೆ" ಎಂದು ಯಾರಾದರೂ ಅಂದರೆ, ಸಾಧಾರಣ ಉಬ್ಬಸಕ್ಕೆ ಸ್ಪೇಸರ್ ಅದಕ್ಕೇನೂ ಕಡಿಮೆಯಿಲ್ಲ ಎಂದು ಹೇಳಿ. ಸರಿಯಾಗಿ ಕೊಟ್ಟಿರಬೇಕು ಅಷ್ಟೆ.

ಸದ್ದಿನ ಬಗ್ಗೆ ಬರೆದ ಕೊನೆಯ ಗುರುತನ್ನು ಮಿಸ್‌ಗೆ ಬಾಯಲ್ಲೂ ಹೇಳಿ, ಯಾಕೆಂದರೆ ಅದು ತಿರುಗುಮುರುಗಾಗಿ ತಿಳಿಯುವಂಥದ್ದು. ಗುಯ್‌ಗುಯ್ ನಿಂತರೆ "ಕಡಿಮೆಯಾಯ್ತು" ಎಂದು ಯಾರಿಗಾದರೂ ಅನಿಸುತ್ತದೆ. ಗಾಳಿ ಕಿರಿದಾದ ನಾಳದಲ್ಲಿ ಹಾಯುವುದರಿಂದ ಆ ಸದ್ದು ಬರುತ್ತದೆ. ಗಾಳಿ ಓಡಾಡುವುದೇ ನಿಂತುಹೋಗುತ್ತಾ ಬಂದರೂ ಸದ್ದು ಅಡಗುತ್ತದೆ. ನಿಜವಾಗಿ ಹಗುರವಾದ ಮಗು ಮಾತಾಡುತ್ತದೆ, ಪಕ್ಕೆ ಸೆಳೆತ ನಿಂತಿರುತ್ತದೆ, ಮುಖ ಗೆಲುವಾಗುತ್ತದೆ. ಅನುಮಾನವಿದ್ದರೆ ಒಂದರಿಂದ ಹತ್ತರವರೆಗೆ ಎಣಿಸಲು ಹೇಳಿ. ತಡೆಯಿಲ್ಲದೆ ಎಣಿಸಿದರೆ ಸರಿ. ಮೂರು ನಾಲ್ಕಕ್ಕೇ ನಿಲ್ಲಿಸಿ ಉಸಿರು ಎಳೆದುಕೊಂಡರೆ ಇನ್ನೂ ಹಗುರವಾಗಿಲ್ಲ.

108 ತಡವಾಗುತ್ತದೆ ಎಂದಾದರೆ ಶಾಲೆಯವರ ಕಾರಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೊರಡಬಹುದು. ಒಬ್ಬರು ಓಡಿಸಲಿ, ಇನ್ನೊಬ್ಬರು ಹಿಂದೆ ಕೂತು ಪಫ್ ಕೊಡುತ್ತಿರಲಿ. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೋಗುವುದು ಬೇಡ. ದಾರಿಯಲ್ಲಿ ಪಫ್ ಕೊಡಲಾಗುವುದಿಲ್ಲ, ಮಗು ತೂಕಡಿಸಿದರೆ ಗೊತ್ತಾಗುವುದೂ ಇಲ್ಲ. ಎದೆಗೆ ವಿಕ್ಸ್ ಹಚ್ಚುವುದು, ಬಿಸಿನೀರು ಕುಡಿಸುವುದು, ಹಬೆ ಹಿಡಿಸುವುದು ಯಾವುದೂ ಬಿಗಿದ ಶ್ವಾಸನಾಳವನ್ನು ಬಿಡಿಸುವುದಿಲ್ಲ. ಇವನ್ನೆಲ್ಲ "ಮಾಡಬೇಡಿ" ಎಂಬ ಪಟ್ಟಿಯಾಗಿ ಹಾಳೆಯಲ್ಲಿ ತುಂಬಬೇಡಿ. ಮಾಡಬೇಕಾದ ಸಾಲು ಅದರೊಳಗೆ ಮುಳುಗುತ್ತದೆ.

ಕಾರಣಗಳ ವಿಷಯಕ್ಕೆ ನಿಮ್ಮ ಮೂರು ಪುಟದಲ್ಲಿ ಒಂದು ಪುಟ ಹೋಗಿರುತ್ತದೆ ಎಂದು ನನ್ನ ಊಹೆ. ನಿಮ್ಮ ಊರಿನಲ್ಲಿ ಕಾರಣಗಳಿಗೆ ಬರವಿಲ್ಲ ನಿಜ. ಹುಳು ಮನೆ, ಗೂಡು ಬಿಚ್ಚುವ ಫಿಲೇಚರಿನ ಆವಿ ಮತ್ತು ಧೂಳು, ರಾಗಿ ಒಕ್ಕಣೆಯ ಹೊಟ್ಟು, ಖಾಲಿ ಸೈಟಿನಲ್ಲಿ ಬೆಳೆಯುವ ಪಾರ್ಥೇನಿಯಂ, ಚಳಿಗಾಲದ ಬೆಳಗಿನ ಮಂಜು, ಎಲ್ಲವೂ ಇವೆ. ಮನೆಯಲ್ಲಿ ರೇಷ್ಮೆ ಕೆಲಸವಿದ್ದರೆ ಅದನ್ನು ನಿಮ್ಮ ಡಾಕ್ಟರ ಹತ್ತಿರ ಮಾತಾಡಿ. ಮಿಸ್ ಅದಕ್ಕೆ ಏನು ಮಾಡಲಾದೀತು? ಶಾಲೆ ಬದಲಿಸಬಹುದಾದದ್ದನ್ನು ಮಾತ್ರ ಬರೆಯಿರಿ. ನನ್ನ ಲೆಕ್ಕದಲ್ಲಿ ಅದರಲ್ಲಿ ಮುಖ್ಯವಾದದ್ದು ಒಣ ಪೊರಕೆಯ ಧೂಳು, ಸೀಮೆಸುಣ್ಣಕ್ಕಿಂತ ಅದೇ ಹೆಚ್ಚು ಕಾಡುತ್ತದೆ. ಓಡಿದಾಗಲೆಲ್ಲ ಉಬ್ಬಸ ಬರುವ ಮಗುವಾದರೆ, ಆಟದ ಪೀರಿಯಡ್‌ಗೆ ಹದಿನೈದು ನಿಮಿಷ ಮೊದಲು ಎರಡು ಪಫ್ ಎಂದು ಡಾಕ್ಟರ್ ಬರೆದುಕೊಟ್ಟಿರುತ್ತಾರೆ. ಬರೆದಿದ್ದರೆ ಅದೂ ಮುಂಬದಿಯಲ್ಲಿ ಒಂದು ಸಾಲಾಗಲಿ. ಆಟದಿಂದ ಬಿಡಿಸಿ ಎಂದು ಮಾತ್ರ ಕೇಳಬೇಡಿ.

ಈಗ ಪಂಪಿನ ಬಗ್ಗೆ. ಮನೆಗೊಂದು, ಶಾಲೆಗೊಂದು ಬೇರೆ ಬೇರೆ ಇರಲಿ. ಬ್ಯಾಗಲ್ಲಿ ಹೋಗಿ ಬರುವ ಪಂಪು ಒಂದಲ್ಲ ಒಂದು ದಿನ ಮನೆಯಲ್ಲೇ ಉಳಿಯುತ್ತದೆ. ಶಾಲೆಯ ಪಂಪಿಗೆ ಮೂರು ಕಾಟ. ಒಂದು, ಅದು ವಾರಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ. ಹಾಗಾದಾಗ ಮೊದಲ ಪಫ್‌ನಲ್ಲಿ ಔಷಧ ಸರಿಯಾದ ಅಳತೆಗೆ ಬರುವುದಿಲ್ಲ. ಆದ್ದರಿಂದ ನೀವು ಹದಿನೈದು ದಿನಕ್ಕೊಮ್ಮೆ ಶಾಲೆಗೆ ಹೋದಾಗ ಕುಲುಕಿ ಎರಡು ಪಫ್ ಗಾಳಿಗೆ ಬಿಟ್ಟು ನೋಡಿ. ಎರಡು, ಖಾಲಿಯಾದದ್ದು ಗೊತ್ತಾಗುವುದಿಲ್ಲ. ಸಾಮಾನ್ಯ ಪಂಪಿನಲ್ಲಿ 200 ಪಫ್ ಇರುತ್ತವೆ. ಔಷಧ ಮುಗಿದ ಮೇಲೂ ಒಳಗಿನ ಗ್ಯಾಸ್ ಟುಸ್ ಎನ್ನುತ್ತಲೇ ಇರುತ್ತದೆ. ನೀರಿನ ಲೋಟದಲ್ಲಿ ಡಬ್ಬಿ ತೇಲಿಸಿ ನೋಡುವ ಪರೀಕ್ಷೆಯನ್ನು ನಂಬಬೇಡಿ. ಡೋಸ್ ಎಣಿಸುವ ಕಿಂಡಿ ಇರುವ ಪಂಪು ಸಿಕ್ಕರೆ ಅದನ್ನೇ ಶಾಲೆಗೆ ಕೊಡಿ. ಮೂರನೆಯದು ಬಿಸಿಲು. ಕಿಟಕಿ ಅಂಚು, ನಿಂತ ಸ್ಕೂಲ್ ವ್ಯಾನ್, ಇವೆರಡರಲ್ಲೂ ಇಡಬಾರದು. ಎಕ್ಸ್‌ಪೈರಿ ತಿಂಗಳನ್ನು ಚೀಲದ ಮೇಲೆ ಬರೆದಿಡಿ. ಸ್ಪೇಸರನ್ನು ತಿಂಗಳಿಗೊಮ್ಮೆ ಮನೆಗೆ ತಂದು ಸೋಪಿನ ನೀರಲ್ಲಿ ಅದ್ದಿ ತೆಗೆದು, ಬಟ್ಟೆಯಿಂದ ಒರೆಸದೆ, ತಾನಾಗಿ ಆರಲು ಬಿಡಿ. ಒರೆಸಿದರೆ ಪ್ಲಾಸ್ಟಿಕ್‌ನಲ್ಲಿ ವಿದ್ಯುತ್ ಅಂಶ ಹುಟ್ಟಿ ಔಷಧ ಗೋಡೆಗೆ ಅಂಟುತ್ತದೆ.

ಪತ್ರವನ್ನು ಮಗನ ಕೈಲಿ ಕಳಿಸಬೇಡಿ. ನೀವೇ ಹೋಗಿ. ಮಿಸ್, ಪಿ.ಟಿ. ಮೇಷ್ಟ್ರು ಇಬ್ಬರನ್ನೂ ಕೂರಿಸಿ, ಹಿಂಬದಿಯನ್ನು ಅವರ ಕೈಗೆ ಕೊಟ್ಟು, "ಮೇಡಂ, ಒಂದು ಸಲ ಇದನ್ನು ನೋಡಿಕೊಂಡು ನೀವೇ ಮಾಡಿ ತೋರಿಸ್ತೀರಾ?" ಎಂದು ಕೇಳಿ. ನೀವು ಮಧ್ಯೆ ಬಾಯಿ ಹಾಕಬೇಡಿ. ಎಲ್ಲಿ ಅವರು ತಡವರಿಸುತ್ತಾರೋ ಆ ಸಾಲು ಸರಿಯಾಗಿ ಬರೆದಿಲ್ಲ ಎಂದು ಅರ್ಥ, ಅದನ್ನು ಮನೆಗೆ ಬಂದು ತಿದ್ದಿ. ಸಾಮಾನ್ಯವಾಗಿ ತಡವರಿಸುವುದು ಎರಡು ಕಡೆ: ಪಂಪಿನ ಮುಚ್ಚಳ ತೆಗೆಯಲು ಮರೆಯುತ್ತಾರೆ, ಇಲ್ಲವೇ ಎರಡನೇ ಪಫ್‌ಗೆ ಮೊದಲು ಕುಲುಕುವುದಿಲ್ಲ.

ಚೀಲದಲ್ಲಿ ಒಂದು ಪುಟ್ಟ ನೋಟ್‌ಪುಸ್ತಕವನ್ನೂ ಇಡಿ. ಪಂಪ್ ಕೊಟ್ಟ ದಿನ, ಹೊತ್ತು, ಎಷ್ಟು ಪಫ್, ಆಗ ಏನು ಮಾಡುತ್ತಿದ್ದ, ಇಷ್ಟನ್ನು ಮಿಸ್ ಒಂದು ಸಾಲಿನಲ್ಲಿ ಬರೆಯಲಿ. ಹಗುರವಾದ ಮೇಲೆ ಅವನು ಕ್ಲಾಸಿನಲ್ಲೇ ಕೂರಬಹುದು, ಒಬ್ಬನನ್ನೇ ಆಟೋದಲ್ಲಿ ಮನೆಗೆ ಕಳಿಸುವುದು ಬೇಡ. ಮೂರು ನಾಲ್ಕು ಗಂಟೆಯೊಳಗೆ ಮತ್ತೆ ದಮ್ಮು ಬಂದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ವಾರದಲ್ಲಿ ಎರಡು ದಿನಕ್ಕಿಂತ ಹೆಚ್ಚು ಪಂಪು ಬೇಕಾಗುತ್ತಿದ್ದರೆ ಮನೆಯಲ್ಲಿ ದಿನವೂ ಹಾಕುವ ಔಷಧ ಸಾಲುತ್ತಿಲ್ಲ, ಇಲ್ಲವೇ ಸರಿಯಾಗಿ ಒಳಗೆ ಹೋಗುತ್ತಿಲ್ಲ. ಆ ಪುಸ್ತಕವನ್ನೂ ಸ್ಪೇಸರನ್ನೂ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ. ಔಷಧವೋ ಲೆಕ್ಕವೋ ಬದಲಾದರೆ ಹಿಂಬದಿಯನ್ನು ಹೊಸದಾಗಿ ಬರೆಯಿರಿ, ಚೀಲದ್ದು ಮತ್ತು ಗೋಡೆಯದು ಎರಡು ಹಳೆಯ ಜೆರಾಕ್ಸನ್ನೂ ವಾಪಸ್ ಕೇಳಿ ಪಡೆದು ಹರಿದುಹಾಕಿ.